ನಂಬರ್ ಬಲಕ್ಕೆ ಬಂತು, ಸಮೀಕರಣ ಕುಗ್ಗಿಹೋಯಿತು

ನಿನ್ನೆ ರಾತ್ರಿ ವರ್ಡ್‌ನಲ್ಲಿ ಮಾಡಿದ ಒಂದು ಪ್ರಬಂಧದ ಕರಡು ಓದುತ್ತಾ ಕೂತಿದ್ದೆ. ಬರೆದವಳು ನನಗಿಂತ ಚಿಕ್ಕವಳು, ಒಳ್ಳೆಯ ಕೆಲಸ ಮಾಡಿದ್ದಾಳೆ. ಲೆಕ್ಕ ಸರಿಯಾಗಿದೆ, ವಾದ ಸರಿಯಾಗಿದೆ. ಆದರೆ ಏಳನೇ ಸಮೀಕರಣಕ್ಕೆ ಬಂದಾಗ ನನಗೆ ತಡೆಯಲು ಆಗಲಿಲ್ಲ. ಸಿಗ್ಮಾ ಚಿಕ್ಕದಾಗಿ ಮುದುಡಿಕೊಂಡಿದೆ. ಅದರ ತಲೆಯ ಮೇಲೆ ಇರಬೇಕಾದ n ಪಕ್ಕಕ್ಕೆ ಜಾರಿ ಘಾತದ ಹಾಗೆ ಕೂತಿದೆ. ಕೆಳಗಿರಬೇಕಾದ i = 1 ಕೂಡ ಪಕ್ಕಕ್ಕೇ ಬಂದಿದೆ. ಅದರ ಹಿಂದಿನ 1/n ಎಷ್ಟು ಸಣ್ಣದು ಅಂದರೆ ಕನ್ನಡಕ ಸರಿಮಾಡಿಕೊಂಡು ನೋಡಬೇಕಾಯಿತು. ಬಲತುದಿಯಲ್ಲಿ ಮಾತ್ರ (7) ಅನ್ನುವ ನಂಬರ್ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿದೆ.

ಫೋನ್ ಮಾಡಿದೆ. "ಮೇಡಂ, ಮೊದಲು ಸ್ಪೇಸ್ ಬಾರ್ ಒತ್ತಿ ಒತ್ತಿ ನಂಬರ್ ತಳ್ಳಿದ್ದೆ. ಫಾಂಟ್ ಬದಲಾಯಿಸಿದ ಕೂಡಲೇ ಎಲ್ಲಾ ಚೆಲ್ಲಾಪಿಲ್ಲಿ ಆಯ್ತು. ಆಮೇಲೆ ಟ್ಯಾಬ್ ಹಾಕಿ ಅಂದ್ರು, ಹಾಕಿದೆ. ಈಗ ನಂಬರ್ ಸರಿಯಾಗಿದೆ ಅಲ್ವಾ?" ಅಂದಳು.

ನಂಬರ್ ಸರಿಯಾಗಿದೆ. ಹಾಳಾಗಿರುವುದು ಸಮೀಕರಣ!

ಟ್ಯಾಬ್ ಹಾಕು ಅಂತ ಹೇಳುವವರು ಅದರ ಬೆಲೆ ಏನು ಅಂತ ಹೇಳುವುದೇ ಇಲ್ಲ. ನನ್ನ ಕೋಪ ಅದಕ್ಕೇ. ಸಮೀಕರಣ ಓದುವುದಕ್ಕೆ ಇರುವುದು. ನಂಬರ್ ಇರುವುದು ಅದನ್ನು ಆಮೇಲೆ ಹುಡುಕುವುದಕ್ಕೆ. ಹುಡುಕುವ ಅನುಕೂಲಕ್ಕೆ ಓದುವುದನ್ನೇ ಕಷ್ಟ ಮಾಡಿಬಿಟ್ಟರೆ ಹೇಗೆ?

ಇದು ಯಾಕೆ ಹೀಗಾಗುತ್ತದೆ ಅಂತ ನೋಡಿ. ವರ್ಡ್‌ನಲ್ಲಿ Alt ಮತ್ತು = ಒಟ್ಟಿಗೆ ಒತ್ತಿದರೆ ಸಮೀಕರಣದ ಪೆಟ್ಟಿಗೆ ಬರುತ್ತದೆ. ಆ ಪ್ಯಾರಾದಲ್ಲಿ ಸಮೀಕರಣ ಒಂದೇ ಇದ್ದರೆ ವರ್ಡ್ ಅದನ್ನು Display ರೂಪದಲ್ಲಿ ಇಡುತ್ತದೆ. ಸಿಗ್ಮಾ ದೊಡ್ಡದು, ಮಿತಿಗಳು ಮೇಲೆ ಕೆಳಗೆ, ಭಿನ್ನರಾಶಿ ಪೂರ್ತಿ ಗಾತ್ರದಲ್ಲಿ. ಅದೇ ಪ್ಯಾರಾದಲ್ಲಿ ಇನ್ನೇನಾದರೂ ಸೇರಿದರೆ, ಇದು ವಾಕ್ಯದ ನಡುವೆ ಬಂದ ಸಮೀಕರಣ ಅಂತ ವರ್ಡ್ ತಿಳಿಯುತ್ತದೆ. ಸಾಲಿನ ಎತ್ತರ ಕೆಡದಿರಲಿ ಅಂತ ಎಲ್ಲವನ್ನೂ ಅದುಮಿ Inline ರೂಪಕ್ಕೆ ತರುತ್ತದೆ. ಆ 'ಇನ್ನೇನಾದರೂ' ಅನ್ನುವುದರಲ್ಲಿ ಟ್ಯಾಬ್ ಕೂಡ ಸೇರುತ್ತದೆ. ಸಮೀಕರಣದ ಪೆಟ್ಟಿಗೆಯ ಹೊರಗೆ ಹಾಕಿದ ಒಂದು ಅಲ್ಪವಿರಾಮವೂ ಸಾಕು.

ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. ಹೊಸ ಸಾಲಿನಲ್ಲಿ ಒಂದು ಸಿಗ್ಮಾ ಬರೆಯಿರಿ, ಮೇಲೆ ಕೆಳಗೆ ಮಿತಿ ಹಾಕಿ. ಪೆಟ್ಟಿಗೆಯಿಂದ ಹೊರಗೆ ಬಂದು ಒಂದು ಸಲ ಟ್ಯಾಬ್ ಒತ್ತಿ. ಕಣ್ಣೆದುರೇ ಕುಗ್ಗುತ್ತದೆ. ಆ ಟ್ಯಾಬ್ ಅಳಿಸಿ, ಮತ್ತೆ ಅರಳುತ್ತದೆ.

ಸಮೀಕರಣ a = b + c ಥರದ್ದಾಗಿದ್ದರೆ ಎರಡು ರೂಪಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಅದಕ್ಕೇ ಬಹಳ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ. ಮೊದಲ ಐದಾರು ಸಮೀಕರಣ ಸಲೀಸಾಗಿ ಆಗಿಹೋಗುತ್ತವೆ. ಸಂಕಲನವೋ ದೊಡ್ಡ ಭಿನ್ನರಾಶಿಯೋ ಬಂದಾಗ ಏಟು ಬೀಳುತ್ತದೆ. ಅಷ್ಟು ಹೊತ್ತಿಗೆ ಇಡೀ ಕಡತ ಟ್ಯಾಬ್‌ನಲ್ಲೇ ನಿಂತಿರುತ್ತದೆ.

ಟ್ಯಾಬ್‌ನ ಇನ್ನೊಂದು ತೊಂದರೆ ಅಳತೆಯದ್ದು. A4 ಹಾಳೆಯ ಅಗಲ 21 ಸೆಂ.ಮೀ. ಎರಡೂ ಕಡೆ 2.54 ಮಾರ್ಜಿನ್ ಬಿಟ್ಟರೆ ಬರೆಯಲು ಉಳಿಯುವುದು 15.92. ಹಾಗಾಗಿ ನಡುವಿನ ಟ್ಯಾಬ್ 7.96ಕ್ಕೆ, ಬಲದ ಟ್ಯಾಬ್ 15.92ಕ್ಕೆ ಇಡುತ್ತೀರಿ. ಸರಿ. ಕೊನೆಗೆ ಬೈಂಡಿಂಗ್‌ಗೆ ಎಡಗಡೆ 3.81 ಜಾಗ ಬಿಡಿ ಅಂತ ಹೇಳುತ್ತಾರೆ. ಈಗ ಬರೆಯುವ ಅಗಲ 14.65 ಮಾತ್ರ. ನಿಮ್ಮ ಬಲದ ಟ್ಯಾಬ್ ಇನ್ನೂ 15.92ರಲ್ಲೇ ನಿಂತಿದೆ, ಅಂದರೆ ಅಂಚಿಗಿಂತ 1.27 ಸೆಂ.ಮೀ. ಆಚೆ. ಟ್ಯಾಬ್‌ಗೆ ಮಾರ್ಜಿನ್ ಬದಲಾಗಿದ್ದು ತಿಳಿಯುವುದಿಲ್ಲ. ಟ್ಯಾಬ್‌ಗಳನ್ನು ಒಂದು ಸ್ಟೈಲ್‌ನೊಳಗೆ ಇಟ್ಟಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು. ಪ್ರತಿ ಸಾಲಿಗೂ ರೂಲರ್ ಮೇಲೆ ಎಳೆದು ಇಟ್ಟಿದ್ದರೆ ಒಂದೊಂದಾಗಿ ತಿದ್ದುತ್ತಾ ಕೂರಬೇಕು.

ನಾನೂ ಹೇಳಿಬಿಡುತ್ತೇನೆ. ನನ್ನ ಸ್ವಂತ ಪ್ರಬಂಧವನ್ನು ನಾನು ಮಾಡಿದ್ದೂ ಟ್ಯಾಬ್‌ನಲ್ಲೇ. ಅದನ್ನು ಓದಿದವರು ಒಂದು ಕಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, "ಇದು ಮಿತಿಯೋ ಘಾತವೋ?" ಅಂತ ಬರೆದಿದ್ದರು. ಆ ಪುಟವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅದಕ್ಕೇ ಏಳನೇ ಸಮೀಕರಣ ನೋಡಿದಾಗ ನನಗೆ ಅಷ್ಟು ಸಂಕಟ ಆಗಿದ್ದು.

ಆಮೇಲಿಂದ ನಾನು ಬಾರ್ಡರ್ ಇಲ್ಲದ ಟೇಬಲ್ ಬಿಟ್ಟು ಬೇರೆ ದಾರಿ ಹಿಡಿದಿಲ್ಲ. ಒಂದು ಸಾಲು, ಮೂರು ಕಾಲಂ. ನಡುವಿನ ಕೋಣೆಯಲ್ಲಿ ಸಮೀಕರಣ, ಬಲದ ಕೋಣೆಯಲ್ಲಿ ನಂಬರ್, ಎಡದ ಕೋಣೆ ಖಾಲಿ. ಟೇಬಲ್‌ನ ಒಂದೊಂದು ಕೋಣೆಗೂ ಅದರದ್ದೇ ಪ್ಯಾರಾ ಇರುತ್ತದೆ. ನಡುವಿನ ಕೋಣೆಯಲ್ಲಿ ಸಮೀಕರಣ ಒಂದೇ ಇರುವುದರಿಂದ ಅದು ಪೂರ್ತಿ ಗಾತ್ರದಲ್ಲೇ ಉಳಿಯುತ್ತದೆ. ಇಷ್ಟೇ ಇದರ ಗುಟ್ಟು. ಎಡದ ಖಾಲಿ ಕೋಣೆ ಯಾಕೆ ಅಂತ ಅವಳು ಕೇಳಿದಳು. ಬಲದ ಕೋಣೆಯಷ್ಟೇ ಅಗಲದ ಜಾಗ ಎಡಕ್ಕೂ ಇದ್ದರೆ ಮಾತ್ರ ಸಮೀಕರಣ ಪುಟದ ಸರಿಯಾದ ನಡುವಿಗೆ ಬರುತ್ತದೆ. ಇಲ್ಲದಿದ್ದರೆ ಎಡಕ್ಕೆ ವಾಲುತ್ತದೆ.

ಅಗಲವನ್ನು ಸೆಂ.ಮೀ.ನಲ್ಲಿ ಕೊಡಬೇಡಿ. Table Properties ತೆರೆದು ಟೇಬಲ್‌ಗೆ 100%, ಕಾಲಂಗಳಿಗೆ 10, 80, 10 ಅಂತ ಕೊಡಿ. ಆಗ ಮಾರ್ಜಿನ್ ಎಷ್ಟು ಬದಲಾದರೂ ಟೇಬಲ್ ತಾನೇ ಹೊಂದಿಕೊಳ್ಳುತ್ತದೆ. ಅಲ್ಲೇ Options ಒಳಗೆ Automatically resize to fit contents ಅನ್ನುವುದರ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಉದ್ದದ ಸಮೀಕರಣ ಬಂದಾಗ ನಡುವಿನ ಕೋಣೆ ಹಿಗ್ಗಿ ಪಕ್ಕದವನ್ನು ಹಿಂಡುತ್ತದೆ. ಕೋಣೆಯ ಎಡಬಲ ಮಾರ್ಜಿನ್ ಸಾಮಾನ್ಯವಾಗಿ 0.19 ಸೆಂ.ಮೀ. ಇರುತ್ತದೆ, ಅದನ್ನು ಸೊನ್ನೆ ಮಾಡಿ. ಹೊಸ ವರ್ಡ್ ಕಡತಗಳಲ್ಲಿ ನಂಬರ್ ಅಂಚಿಗೆ ತಾಗದೆ ಕೂದಲೆಳೆ ಹಿಂದೆ ನಿಲ್ಲುವುದು ಇದರಿಂದಲೇ. ಬಲದ ಕೋಣೆಗೆ ಬಲಕ್ಕೆ ಹೊಂದಿಸುವುದು, ಮೂರಕ್ಕೂ ಎತ್ತರದಲ್ಲಿ ನಡುವಿಗೆ ಹೊಂದಿಸುವುದು, ಕೊನೆಗೆ No Border. ಮುಗಿಯಿತು.

ಒಂದು ಕಡೆ ಮಾತ್ರ ಎಡವುತ್ತಾರೆ. ಪಠ್ಯದ ಪ್ಯಾರಾಗಳಿಗೆ ಮೊದಲ ಸಾಲು 1.27 ಸೆಂ.ಮೀ. ಒಳಗೆ ಇರಲಿ ಅಂತ ಇಟ್ಟಿದ್ದರೆ, ಅದೇ ಸ್ಟೈಲ್ ಟೇಬಲ್ ಒಳಗೂ ಬರುತ್ತದೆ. ಬಲದ ಕೋಣೆಯ ಅಗಲವೇ ಸುಮಾರು 1.59. ಅದರಲ್ಲಿ 1.27 ಖಾಲಿ ಹೋದರೆ (10) ಹಿಡಿಸುವುದಿಲ್ಲ, ಮುರಿದು ಎರಡು ಸಾಲಾಗುತ್ತದೆ. ಟೇಬಲ್ ಕೆಟ್ಟಿತು ಅಂತ ಜನ ಮತ್ತೆ ಟ್ಯಾಬ್‌ಗೆ ಓಡುತ್ತಾರೆ. ಕೆಟ್ಟಿರುವುದು ಟೇಬಲ್ ಅಲ್ಲ, ಇಂಡೆಂಟ್. ಆ ಕೋಣೆಗಳಿಗೆ ಇಂಡೆಂಟ್ ಸೊನ್ನೆ ಇರುವ ಬೇರೆ ಸ್ಟೈಲ್ ಕೊಟ್ಟರೆ ಸರಿಹೋಗುತ್ತದೆ. (3.12) ಥರದ ನಂಬರ್ ಕೂಡ ಆರಾಮಾಗಿ ಕೂರುತ್ತದೆ.

ಇನ್ನು ನಂಬರ್ ವಿಷಯ. ಅಂಕಿಯನ್ನು ಕೈಯಲ್ಲಿ ಬರೆಯಬೇಡಿ. ಬಲದ ಕೋಣೆಯಲ್ಲಿ ಎರಡು ಕಂಸ ಹಾಕಿ, ಅವುಗಳ ನಡುವೆ Ctrl+F9 ಒತ್ತಿ. ಬರುವ ಬ್ರೇಸ್‌ಗಳ ಒಳಗೆ ಇಷ್ಟು ಬರೆದು F9 ಒತ್ತಿ:

```
SEQ Equation
```

ನಡುವೆ ಹೊಸ ಸಮೀಕರಣ ಸೇರಿಸಿದರೆ Ctrl+A, ಆಮೇಲೆ F9. ನಂಬರ್ ಎಲ್ಲಾ ತಾವೇ ಸರಿಯಾಗುತ್ತವೆ. 'ಸಮೀಕರಣ (7) ನೋಡಿ' ಅಂತ ಬರೆಯಬೇಕಾದಾಗ Cross-reference ತೆರೆದು Equation ಆರಿಸಿ, Entire caption ಅಂತ ಕೊಡಿ. ಆ ಆಯ್ಕೆ ನಂಬರ್ ಇರುವ ಇಡೀ ಪ್ಯಾರಾವನ್ನು ಎತ್ತಿಕೊಳ್ಳುತ್ತದೆ. ಟೇಬಲ್‌ನಲ್ಲಿ ಆ ಪ್ಯಾರಾದಲ್ಲಿ ಇರುವುದು (7) ಮಾತ್ರ, ಹಾಗಾಗಿ ಬರುವುದೂ ಅಷ್ಟೇ. ಟ್ಯಾಬ್ ಸಾಲಿನಲ್ಲಿ ಇದನ್ನೇ ಮಾಡಿ ನೋಡಿ, ನಂಬರ್ ಜೊತೆ ಸಮೀಕರಣವೂ ನಿಮ್ಮ ವಾಕ್ಯದೊಳಗೆ ಬಂದು ಬೀಳುತ್ತದೆ. ಅಲ್ಲಿ ಪ್ರತಿ ನಂಬರ್‌ಗೂ ಬೇರೆ ಬುಕ್‌ಮಾರ್ಕ್ ಮಾಡಬೇಕು.

ಇದನ್ನೆಲ್ಲ ಪ್ರತಿ ಸಲ ಮಾಡಬೇಕಾ ಅಂತ ಕೇಳಬೇಡಿ. ಒಂದು ಟೇಬಲ್ ತಯಾರಾದ ಮೇಲೆ ಅದನ್ನು ಆರಿಸಿ Alt+F3 ಒತ್ತಿ, eqn ಅಂತ ಹೆಸರು ಕೊಟ್ಟು ಉಳಿಸಿ. ಮುಂದೆ ಖಾಲಿ ಸಾಲಿನಲ್ಲಿ eqn ಅಂತ ಬರೆದು F3 ಒತ್ತಿದರೆ ಇಡೀ ಟೇಬಲ್ ಬಂದು ಕೂರುತ್ತದೆ.

ಹೊಸ ವರ್ಡ್‌ನಲ್ಲಿ # ಇದೆಯಲ್ಲ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಪೆಟ್ಟಿಗೆಯೊಳಗೇ `E=mc^2#(1)` ಅಂತ ಬರೆದು ಎಂಟರ್ ಒತ್ತಿದರೆ ನಂಬರ್ ಬಲ ಅಂಚಿಗೆ ಹೋಗುತ್ತದೆ, ಸಮೀಕರಣವೂ ಕುಗ್ಗುವುದಿಲ್ಲ. ಒಪ್ಪುತ್ತೇನೆ, ನೋಡಲು ಚೆನ್ನಾಗಿದೆ. ಮೂರು ನಾಲ್ಕು ಸಮೀಕರಣ ಇರುವ ಚಿಕ್ಕ ಬರಹಕ್ಕೆ ಖಂಡಿತ ಬಳಸಿ. ಆದರೆ ಅಲ್ಲಿ ಬರೆದ 1 ಬರೀ 1. ನಡುವೆ ಒಂದು ಸಮೀಕರಣ ಸೇರಿದರೆ ಮುಂದಿನವನ್ನೆಲ್ಲ ಕೈಯಲ್ಲೇ ತಿದ್ದಬೇಕು. 47 ಸಮೀಕರಣ ಇರುವ, ಮಾರ್ಗದರ್ಶಕರು ದಿನಕ್ಕೊಂದು ತಿದ್ದುಪಡಿ ಹೇಳುವ ಪ್ರಬಂಧಕ್ಕೆ ಅದು ಆಗದ ಮಾತು.

ಟೇಬಲ್ ಅಂದರೆ ಮಾಹಿತಿ ಇಡುವುದಕ್ಕೆ, ಸಾಲು ಜೋಡಿಸುವುದಕ್ಕಲ್ಲ ಅಂತ ವಾದ ಮಾಡುವವರೂ ಇದ್ದಾರೆ. ಪತ್ರಿಕೆಯವರು ತಮ್ಮ ಟೆಂಪ್ಲೇಟ್ ಕೊಟ್ಟು ಹೀಗೇ ಮಾಡಿ ಅಂದಿದ್ದರೆ ಹಾಗೇ ಮಾಡಿ, ಅದರಲ್ಲಿ ನನ್ನ ತಕರಾರಿಲ್ಲ. ಉಳಿದ ಕಡೆ, ಈ ತತ್ವಕ್ಕೋಸ್ಕರ ಓದುಗರ ಮುಂದೆ ಮುದುಡಿದ ಸಿಗ್ಮಾ ಇಡುವುದು ನನಗಂತೂ ಸಾಧ್ಯವಿಲ್ಲ.

ನಿಮ್ಮ ಹಳೆಯ ಕಡತ ತೆರೆದು Ctrl+Shift+8 ಒತ್ತಿ ನೋಡಿ. ಸಮೀಕರಣದ ಪಕ್ಕ ಚುಕ್ಕಿಗಳ ಸಾಲು ಕಂಡರೆ ಅದು ಸ್ಪೇಸ್, ಬಾಣ ಕಂಡರೆ ಟ್ಯಾಬ್.

ಅವಳ ಕಡತದಲ್ಲಿ ನಿನ್ನೆ ನಾನು ಏಳನೆಯದನ್ನು ಮಾತ್ರ ಸರಿಮಾಡಿ ಕಳಿಸಿದೆ. ಇವತ್ತು ಬೆಳಿಗ್ಗೆ ಆ ಪುಟದ ಫೋಟೋ ಕಳಿಸಿದ್ದಾಳೆ. n ಮತ್ತೆ ಸಿಗ್ಮಾದ ತಲೆಯ ಮೇಲೆ ಬಂದು ಕೂತಿದೆ, i = 1 ಕೆಳಗಿದೆ, (7) ಇದ್ದಲ್ಲೇ ಇದೆ. ಫೋಟೋದ ಕೆಳಗೆ ಬರೆದಿದ್ದಾಳೆ: "ಮೇಡಂ, ಹನ್ನೊಂದರವರೆಗೆ ಆಯ್ತು. ಇವತ್ತು ಉಳಿದದ್ದೆಲ್ಲ ಮಾಡ್ತೀನಿ."