ಅಣಬೆಯ ಫೋಟೊ ಕುರಿತು ಸ್ಪಷ್ಟನೆ

“ಜೋಗಿಮಟ್ಟಿ ಕಡೆ ಸಿಕ್ಕ ಈ ಬಿಳಿ ಅಣಬೆ ಹುತ್ತದ ಅಣಬೆಯೇ, ಫೋಟೊ ನೋಡಿದರೆ ಗೊತ್ತಾಗುತ್ತದೆ, ತಿನ್ನಬಹುದು.”

ಈ ಮಾತು ಸರಿಯಲ್ಲ. ಚಿತ್ರದುರ್ಗದಲ್ಲಿ ಮಳೆ ಬಿದ್ದ ಮೇಲೆ ಹುಲ್ಲಿನ ನಡುವೆ ಏಳುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆಯೂ ಮೇಲಿನಿಂದ ತೆಗೆದ ಫೋಟೊದಲ್ಲಿ ಅಗಲವಾದ ಬಿಳಿ ಕೊಡೆಯಂತೆಯೇ ಕಾಣುತ್ತದೆ. ತಿಂದವರಿಗೆ ಸಾಮಾನ್ಯವಾಗಿ 1ರಿಂದ 3 ಗಂಟೆಯೊಳಗೆ ತೀವ್ರ ವಾಂತಿ, ಭೇದಿ ಶುರುವಾಗುತ್ತದೆ.

ತಜ್ಞರು ಮೊದಲು ಕೇಳುವುದು ಬುಡಸಮೇತ ಅಗೆದ ಇಡೀ ಅಣಬೆಯನ್ನು. ದೊಡ್ಡ ಹುತ್ತದ ಅಣಬೆಯ ಕಾಂಡ ಬೇರಿನಂತೆ ನೆಲದೊಳಗಿನ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಕಿತ್ತು ತಂದರೆ ಈ ಗುರುತು ಮಣ್ಣಿನಲ್ಲೇ ಉಳಿಯುತ್ತದೆ. ಕ್ಲೋರೋಫಿಲ್ಲಮ್‌ನ ಕಾಂಡದ ಮೇಲೆ ಸರಿದಾಡುವ ಉಂಗುರವಿರುತ್ತದೆ, ಆದರೆ ಅದು ಉದುರಿಹೋಗಿರಲೂಬಹುದು.

ಆದ್ದರಿಂದಲೇ ಬಲಿತ ಕೊಡೆಯನ್ನು ಕಾಗದದ ಮೇಲೆ ಕವುಚಿ, ಬಟ್ಟಲು ಮುಚ್ಚಿ, ರಾತ್ರಿಯಿಡೀ ಬಿಟ್ಟು, ಉದುರಿದ ಬೀಜಕಣಗಳ ಬಣ್ಣವನ್ನು ನೋಡುತ್ತಾರೆ. ಹುತ್ತದ ಅಣಬೆಯದು ನಸುಗುಲಾಬಿ, ಕ್ಲೋರೋಫಿಲ್ಲಮ್‌ನದು ಮಾಸಲು ಹಸಿರು. ಎಳೆಯದಾಗಿದ್ದಾಗ ಅದರ ಅಡಿಪದರಗಳು ಬಿಳಿಯಾಗಿಯೇ ಇರುವುದರಿಂದ ಫೋಟೊದಲ್ಲಿ ಈ ಹಸಿರು ಸಿಗುವುದಿಲ್ಲ. ಹಸಿರು ಕಾಣಲಿಲ್ಲವೆಂದು ಒಲೆ ಹಚ್ಚುವಂತೆಯೂ ಇಲ್ಲ, ಏಕೆಂದರೆ ಮಾರಕವಾದ ಹಲವು ಅಮಾನಿಟಾ ಅಣಬೆಗಳ ಬೀಜಕಣಗಳು ಬಿಳಿಯಾಗಿರುತ್ತವೆ.