ಒತ್ತಕ್ಷರ ಒಂದನೇ ತರಗತಿಯಲ್ಲೇ ಬೇಕೇ?

ನಮ್ಮ ಶಾಲೆಗಳಲ್ಲಿ ಕನ್ನಡ ಓದು ಕಲಿಸುವ ಹಳೆಯ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಮೊದಲು ವರ್ಣಮಾಲೆ, ಆಮೇಲೆ ಅರಸ, ಬಸವ, ಕಮಲದಂಥ ಸರಳ ಪದಗಳು, ಅದಾದ ಮೇಲೆ ಕಾಗುಣಿತ, ಕಟ್ಟಕಡೆಗೆ ಒತ್ತಕ್ಷರ. ಒತ್ತಕ್ಷರದಲ್ಲೂ ಸಜಾತೀಯ ಮೊದಲು, ವಿಜಾತೀಯ ಆಮೇಲೆ. ಈ ಕೊನೆಯ ಮೆಟ್ಟಿಲನ್ನು ಮುಂದಕ್ಕೆ ತಂದು, ಕಾಗುಣಿತ ಮುಗಿಯುವ ಮೊದಲೇ ಕೆಲವು ಒತ್ತುಗಳನ್ನು ಕಲಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಅಮ್ಮನನ್ನು ಬಿಟ್ಟು ಅರಸನಿಂದ ಏಕೆ ಶುರು?

ಶಾಲೆಗೆ ಬರುವ ಮಗುವಿನ ಬಾಯಲ್ಲಿ ಆಗಲೇ ಇರುವ ಮಾತುಗಳನ್ನು ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ. ಊಟಕ್ಕೆ ಕೂತರೆ ಅನ್ನ, ತಟ್ಟೆ, ಬೆಲ್ಲ, ಹಣ್ಣು. ಹೊರಗೆ ಬಂದರೆ ಬೆಕ್ಕು, ಎಮ್ಮೆ, ಹಕ್ಕಿ. ಒತ್ತಿಲ್ಲದ ಪದ ಒಂದೂ ಇಲ್ಲ. ಈ ಮಗುವಿನ ಕೈಗೆ ನಾವು ಕೊಡುವುದು ಅರಸ, ಗರಗಸ, ಕಮಲ. ಗರಗಸ ಕಂಡ ಮಕ್ಕಳು ಈಗ ಎಷ್ಟಿದ್ದಾರೋ! ತಾನು ದಿನಾ ಆಡುವ ಮಾತು ಪುಟದ ಮೇಲೆ ಸಿಗಬೇಕಾದರೆ ಮಗು ಕಾಗುಣಿತದ ಅಷ್ಟೂ ಸಾಲು ದಾಟುವವರೆಗೆ ಕಾಯಬೇಕು. 34 ವ್ಯಂಜನಕ್ಕೆ ಅನುಸ್ವಾರ, ವಿಸರ್ಗ ಸೇರಿ 15 ರೂಪ ಎಂದರೆ 510 ಅಕ್ಷರ.

ಪದ ಹೋಗಲಿ, ವಾಕ್ಯವೂ ಒತ್ತಿಲ್ಲದೆ ನಡೆಯುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ಎಂಬಲ್ಲಿಯ ‘ಅಲ್ಲಿ’, ಹಾಲನ್ನು, ನಾಯಿಯನ್ನು ಎಂಬಲ್ಲಿಯ ‘ಅನ್ನು’, ಬರುತ್ತಾನೆ, ಹೋಗುತ್ತಾಳೆ ಎಂಬಲ್ಲಿಯ ‘ಉತ್ತ’, ಬೇಡ ಅನ್ನುವುದಕ್ಕಿಂತ ಮೊದಲು ಬರುವ ‘ಇಲ್ಲ’, ಎರಡು ಮಾತು ಕೂಡಿಸುವ ‘ಮತ್ತು’. ಗಮನಿಸಿದರೆ ಇಷ್ಟಕ್ಕೂ ಬೇಕಾದದ್ದು ಮೂರೇ ಒತ್ತು: ಲ್ಲ, ನ್ನ, ತ್ತ. ಮೂರೂ ಸಜಾತೀಯ. ಇವಕ್ಕೆ ಮ್ಮ, ಪ್ಪ, ಕ್ಕ, ಣ್ಣ, ಟ್ಟ ಸೇರಿಸಿದರೆ ಮಕ್ಕಳ ಕತೆಯೊಂದರ ಬಹುಪಾಲು ಒತ್ತು ಮುಗಿದಂತೆಯೇ. ನಾನು ಕೇಳುತ್ತಿರುವುದು ಈ ಎಂಟನ್ನು ಮಾತ್ರ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬೇಕಾದರೆ ಮೂರನೇ ತರಗತಿಗೆ ಇರಲಿ.

ಈ ಎಂಟರ ಪಟ್ಟಿಯಲ್ಲಿ ತೊಡಕೂ ಇದೆ, ಮುಚ್ಚಿಡುವುದಿಲ್ಲ. ಕನ್ನಡದ ಬಹುತೇಕ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದು ಚಿಕ್ಕದಾಗಿ ಕೆಳಗೆ ಬರೆದಂತೆ ಇರುತ್ತವೆ. ಗ್ಗ, ಟ್ಟ, ದ್ದ ನೋಡಿದರೆ ಸಾಕು, ಹೇಳಿಕೊಡಬೇಕಾಗಿಯೇ ಇಲ್ಲ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲವನ್ನು ಹೋಲುವುದಿಲ್ಲ. ಅತಿ ಹೆಚ್ಚು ಬಳಕೆಯವೇ ಹೀಗೆ ವೇಷ ಮರೆಸಿಕೊಂಡಿವೆ. ತರ್ಕದಿಂದ ಹಿಡಿಯಲಾಗದ ರೂಪ ಮತ್ತೆ ಮತ್ತೆ ನೋಡಿಯೇ ಕಣ್ಣಿಗೆ ಕೂರಬೇಕು. ಹಾಗಿದ್ದ ಮೇಲೆ ಅದನ್ನು ಕೊನೆಯ ಕೆಲವು ವಾರಗಳಿಗೆ ನೂಕಿ ಪ್ರಯೋಜನವೇನು? ಮೊದಲ ವರ್ಷದಿಂದಲೇ ಕಾಣಿಸಬೇಕು.

ತರಗತಿಯಲ್ಲಿ ಇದು ಕಷ್ಟದ ಕೆಲಸವೇನಲ್ಲ. ಮೊದಲು ಬರೀ ಬಾಯಲ್ಲಿ: ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ, ಮೊನೆ–ಮೊನ್ನೆ. ಜೋಡಿ ಹೇಳಿ, ಎರಡರಲ್ಲಿ ಎಲ್ಲಿ ದನಿ ತಡೆದು ನಿಲ್ಲುತ್ತದೆ ಎಂದು ಕೇಳಿದರೆ ಮಕ್ಕಳು ಹೇಳುತ್ತಾರೆ. ಆಮೇಲೆ ಹಲಗೆಯ ಮೇಲೆ ‘ಕತೆ’ ಬರೆದು, ಅದೇ ‘ತೆ’ಗೆ ಒತ್ತು ಇಟ್ಟು ಕತ್ತೆ ಮಾಡಿ ತೋರಿಸಬೇಕು. ಒತ್ತು ಬಿಟ್ಟು ಓದಿದ ಮಗು ‘ಕತೆ ಹುಲ್ಲು ತಿಂದಿತು’ ಎಂದರೆ ಪಕ್ಕದವನು ನಗುತ್ತಾನೆ, ಓದಿದವನಿಗೂ ತಪ್ಪು ತಾನಾಗಿ ಗೊತ್ತಾಗುತ್ತದೆ. ತಪ್ಪನ್ನು ಅರ್ಥವೇ ತಿದ್ದುವ ಇಂಥ ಅನುಕೂಲ ‘ಗರಗಸ’ದಲ್ಲಿ ಎಲ್ಲಿದೆ?

ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಅಕ್ಷರಗಳ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂಬುದು ಅದರ ಮುಖ್ಯ ಮಾತು. ಇದನ್ನು ಲಿಪಿಯ ದೋಷವೆಂದು ಓದುವವರಿದ್ದಾರೆ. ನಾವು ಒತ್ತನ್ನು ತಡವಾಗಿ ತೋರಿಸಿ, ತಡವಾಗಿ ಬಂತು ಎಂದು ಕೊರಗುತ್ತಿದ್ದೇವೆ ಎಂದು ನಾನು ಓದುತ್ತೇನೆ. ಕ್ರಮ ಬದಲಿಸಲು ಹೆದರಬೇಕಾದ್ದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ, ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ದಿಂದ ಓದು ಆರಂಭಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ವಿರೋಧ: ಗುಣಿತ ಗಟ್ಟಿಯಾಗದೆ ಒತ್ತು ನಿಲ್ಲದು

‘ಅಮ್ಮ’ ಎಂದು ಓದಿದ ಮಗು ಮ-ಒತ್ತು ಕಲಿತಿದೆ ಎಂದು ತಿಳಿಯುವುದು ಬೇಡ. ಅಮ್ಮನ ಚಿತ್ರದ ಕೆಳಗಿನ ಆ ಎರಡು ಗುರುತನ್ನು ಮಗು ಇಡಿಯಾಗಿ ಒಂದು ಚಿತ್ರವೆಂದೇ ನೆನಪಿಡುತ್ತದೆ. ಪರೀಕ್ಷಿಸುವುದು ಸುಲಭ. ಅರ್ಥವೇ ಇಲ್ಲದ ‘ಗಮ್ಮ’, ‘ದಮ್ಮಿ’, ‘ರಮ್ಮು’ ಬರೆದು ಓದಿಸಿ. ಅಮ್ಮ ಎಂದು ಸಲೀಸಾಗಿ ಓದಿದ ಮಗು ‘ದಮ್ಮಿ’ಯ ಮುಂದೆ ನಿಂತುಬಿಟ್ಟರೆ, ಗುರುತು ಹಿಡಿದದ್ದು ಪದವನ್ನು, ಒತ್ತನ್ನಲ್ಲ. ಇಂಥ ‘ಓದು’ ಬಲು ಬೇಗ ಬರುತ್ತದೆ. ಪೋಷಕರಿಗೂ ಅಧಿಕಾರಿಗಳಿಗೂ ತೋರಿಸಲು ಚೆನ್ನ, ಅಷ್ಟೇ.

ಒತ್ತಿನ ನಿಜವಾದ ಕಷ್ಟ ಅದರ ಆಕಾರದಲ್ಲಿಲ್ಲ. ಬರಹದ ಕ್ರಮ ಒಂದು, ದನಿಯ ಕ್ರಮ ಇನ್ನೊಂದು ಎಂಬಲ್ಲಿದೆ. ‘ಕುಸ್ತಿ’ ಎಂದು ಬರೆಯುವಾಗ ಗುಡಿಸು ಏರುವುದು ‘ಸ’ದ ಮೇಲೆ. ಕೇಳುವುದು ಮಾತ್ರ ‘ತ’ ಆದ ಮೇಲೆ. ಕಣ್ಣು ‘ಸಿ’ ನೋಡುತ್ತದೆ, ನಾಲಿಗೆ ‘ಸ್’ ಅಂದು, ಕೆಳಗಿಳಿದು ‘ತ್’ ಅಂದು, ಮತ್ತೆ ಮೇಲೆ ಬಂದು ‘ಇ’ಯನ್ನು ಹೊತ್ತೊಯ್ಯಬೇಕು. ‘ಸ್ತ್ರೀ’ಯಲ್ಲಿ ಕೆಳಗೆ ಎರಡು ಮಹಡಿ. ವಿಚಿತ್ರವೆಂದರೆ ಇದೇ ಅಕ್ಷರವನ್ನು ಫೋನಿನಲ್ಲಿ ಒತ್ತುವಾಗ ಸ, ತ, ರ ಎಲ್ಲ ಆದ ಮೇಲೆ ದೀರ್ಘ ಬರುತ್ತದೆ. ಕೈಬರಹದಲ್ಲಿ ‘ಸೀ’ ಮೊದಲು. ಇನ್ನು ಅರ್ಕಾವೊತ್ತು ಬಂದರೆ ಎಲ್ಲ ತಿರುವುಮುರುವು: ‘ಸೂರ್ಯ’ದಲ್ಲಿ ಮೊದಲು ನುಡಿಯುವ ‘ರ್’ ಕೊನೆಗೆ ಕೂತಿರುತ್ತದೆ.

ಇದನ್ನೆಲ್ಲ ಮಗು ಬಿಡಿಸಿ ಓದಬೇಕಾದರೆ ಎರಡು ಸಂಗತಿ ಮೊದಲೇ ಗಟ್ಟಿಯಾಗಿರಬೇಕು. ಒಂದು, ಗುಣಿತದ ಗುರುತು ವ್ಯಂಜನದಿಂದ ಬೇರೆಯಾದ ವಸ್ತು ಎಂಬ ಅರಿವು. ‘ಸಿ’ ಇಡಿಯಾಗಿ ಒಂದು ಚಿತ್ರವಾಗಿ ಉಳಿದ ಮಗುವಿಗೆ ಅದರಿಂದ ‘ಇ’ಯನ್ನು ಕಿತ್ತು ಮುಂದಿನ ವ್ಯಂಜನಕ್ಕೆ ಅಂಟಿಸುವುದು ಹೇಗೆ ಸಾಧ್ಯ? ಇನ್ನೊಂದು, ಸ್ವರವಿಲ್ಲದ ವ್ಯಂಜನ, ಅಂದರೆ ಅರ್ಧಾಕ್ಷರ ಎಂಬುದೊಂದಿದೆ ಎಂಬ ಅರಿವು. ಎದುರು ಪಕ್ಷದವರು ಎತ್ತಿದ ಅದೇ ಅಧ್ಯಯನದಲ್ಲಿ ಅವರು ಬಿಟ್ಟ ಅರ್ಧವೂ ಇದೆ. ಕನ್ನಡ ಮಕ್ಕಳಿಗೆ ಪದವನ್ನು ಅಕ್ಷರಗಳಾಗಿ ಒಡೆಯುವುದು ಬೇಗ ಬರುತ್ತದೆ, ಅಕ್ಷರವನ್ನು ಬಿಡಿ ಧ್ವನಿಗಳಾಗಿ ಒಡೆಯುವುದು ನಿಧಾನ. ಒತ್ತು ಕೇಳುವುದು ಈ ಎರಡನೆಯದನ್ನೇ. ಹಾಗಾಗಿ ಅದು ತಡವಾಗುವುದಕ್ಕೆ ನಾವು ತಡವಾಗಿ ಕಲಿಸಿದ್ದೊಂದೇ ಕಾರಣವಲ್ಲ.

ಸಜಾತೀಯವನ್ನಾದರೂ ಮೊದಲು ಕೊಡಿ ಎಂಬ ಬೇಡಿಕೆಯೇ ನನಗೆ ಹೆಚ್ಚು ಅಪಾಯದ್ದಾಗಿ ಕಾಣುತ್ತದೆ. ‘ಅಕ್ಕಿ’ಯಲ್ಲಿ ಮೇಲೂ ‘ಕ’, ಕೆಳಗೂ ‘ಕ’. ಯಾವುದು ಮೊದಲು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಮಗು ತನಗೆ ತಾನೇ ಒಂದು ಸೂತ್ರ ಮಾಡಿಕೊಳ್ಳುತ್ತದೆ: ಕೆಳಗೆ ಏನೋ ಇದ್ದರೆ ಅಕ್ಷರವನ್ನು ಒತ್ತಿ ಹೇಳು. ‘ಒತ್ತು’ ಎಂದು ನಾವೂ ಅದನ್ನೇ ಹೇಳಿಕೊಡುತ್ತೇವೆ. ಈ ಸೂತ್ರ ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯುತ್ತದೆ. ‘ಪುಸ್ತಕ’ ಎದುರಾದ ದಿನ ‘ಪುಸ್ಸಕ’ ಕೇಳಿಬರುತ್ತದೆ. ಆಗ ಸೂತ್ರ ಕೀಳುವುದು, ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ತಪ್ಪುಗಳು ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ, ಯಾವುದು ಯಾವುದರಿಂದ ಬಂತು ಎಂದು ನೋಡಬೇಕು. ‘ಹಣ್ಣನ್ನು’ ಎಂಬ ಪದವನ್ನೇ ತೆಗೆದುಕೊಳ್ಳಿ. ಒಂದು ಮಗು ‘ಹಣನು’ ಎನ್ನುತ್ತದೆ. ಅದು ಒತ್ತನ್ನು ನೋಡೇ ಇಲ್ಲ, ಅಥವಾ ನೋಡಿ ಬಿಟ್ಟಿದೆ. ಇನ್ನೊಂದು ‘ಹಣಣನುನ’ ಎನ್ನುತ್ತದೆ. ಅದು ಒತ್ತನ್ನು ಗುರುತಿಸಿದೆ, ಆದರೆ ಇಡೀ ಅಕ್ಷರವೆಂದು ಎಣಿಸಿದೆ, ಕೊಂಬನ್ನೂ ಕಂಡ ಜಾಗದಲ್ಲೇ ನುಡಿದಿದೆ. ಮೊದಲನೆಯದಕ್ಕೆ ಕಣ್ಣಿನ ಅಭ್ಯಾಸ ಸಾಕು. ಎರಡನೆಯದಕ್ಕೆ ಎಷ್ಟು ಒತ್ತು ತೋರಿಸಿದರೂ ಉಪಯೋಗವಿಲ್ಲ, ಅರ್ಧಾಕ್ಷರಕ್ಕೇ ಮರಳಬೇಕು.

ಕಾಗುಣಿತವೇ ಮುಗಿಯದಾಗ ಕೆಳಗಿನ ಜಾಗಕ್ಕೆ ಜಗಳವೂ ಶುರುವಾಗುತ್ತದೆ. ‘ಪು’, ‘ವು’ಗಳ ಕೊಂಬು ‘ಕು’ವಿನ ಕೊಂಬಿನಂತೆ ಪಕ್ಕಕ್ಕೆ ನಿಲ್ಲದೆ ಕೆಳಗಿಳಿಯುತ್ತದೆ. ವಟ್ರಸುಳಿ ಕೆಳಗೇ. ರ-ಒತ್ತೂ ಕೆಳಗೇ. ಗೃಹ ಮತ್ತು ಗ್ರಹ ದೊಡ್ಡವರ ಕೈಯಲ್ಲೇ ಅದಲುಬದಲಾಗುತ್ತಿರುವಾಗ ಆರು ವರ್ಷದ ಮಗುವನ್ನು ಅನ್ನುವುದೇನು?

ಒತ್ತಿಲ್ಲದೆ ವಾಕ್ಯವೇ ಇಲ್ಲ ಎಂಬುದು ಅರ್ಧ ಸತ್ಯ. ಕತೆಯನ್ನು ಭೂತಕಾಲದಲ್ಲಿ ಹೇಳಿ: ‘ಮಳೆ ಬಂತು. ನಾಯಿ ಓಡಿ ಮನೆಗೆ ಬಂದಿತು. ರವಿ ಬಾಗಿಲು ತೆಗೆದ.’ ‘ಬಂದಿತು’ವಿನಲ್ಲಿ ಎರಡು ವ್ಯಂಜನ ಕೂಡಿದರೂ ಸೊನ್ನೆ ಆ ಕೆಲಸ ಮಾಡಿ ಒತ್ತು ಉಳಿಸಿತು. ಒಂದು ವರ್ಷ ಓದಿಸುವಷ್ಟು ಕತೆಯನ್ನು ಹೀಗೆ ಬರೆಯಬಹುದು, ‘ಗರಗಸ’ದ ಹಂಗಿಲ್ಲದೆ. ಬರೆಯುವವರಿಗೆ ತುಸು ತ್ರಾಸ, ಒಪ್ಪುತ್ತೇನೆ. ‘ಇಲ್ಲ’ ಎಂಬೊಂದು ಪದ ಇಲ್ಲದೆ ಕತೆ ಕಟ್ಟುವುದು ಹಿಂಸೆಯೇ.

ಅಷ್ಟರಲ್ಲಿ ಅರ್ಧಾಕ್ಷರಕ್ಕೆ ದಾರಿ ಮಾಡಬೇಕು, ಅದಕ್ಕೆ ಇಂದಿನ ಮಕ್ಕಳ ಬಾಯಲ್ಲೇ ಪದಗಳಿವೆ: ಬಸ್, ಪೆನ್, ಬಾಲ್, ಕಾರ್. ಕೊನೆಯ ದನಿಗೆ ಸ್ವರವಿಲ್ಲ ಎಂದು ಮಗುವಿಗೆ ಕೇಳಿಸುತ್ತದೆ, ಮೇಲೆ ಆ ಗುರುತೂ ಕಾಣುತ್ತದೆ. ಅಲ್ಲಿಂದ ಪುಸ್‌ ಮತ್ತು ತಕ, ಅಮ್‌ ಮತ್ತು ಮ ಎಂದು ಬಿಡಿಸಿ ಬರೆದು ಓದಿಸಬೇಕು. ತಮಿಳರು ಅಮ್ಮನನ್ನು ಇವತ್ತಿಗೂ ಹೀಗೆ ಸಾಲಾಗಿ, ‘ಮ’ದ ಮೇಲೊಂದು ಚುಕ್ಕೆಯಿಟ್ಟೇ ಬರೆಯುತ್ತಾರೆ. ನಮಗೆ ಅದು ಕೆಲವು ವಾರಗಳ ಸೇತುವೆಯಾದರೆ ಸಾಕು. ಮಗು ‘ಪುಸ್‌-ತಕ’ ಸರಾಗವಾಗಿ ಓದಿದ ಮೇಲೆ ಎರಡನೇ ವ್ಯಂಜನವನ್ನು ಕೆಳಗಿಳಿಸಿ ಒತ್ತು ತೋರಿಸಬೇಕು, ಅದೂ ‘ಸ್ತ’, ‘ಕ್ಷಿ’, ‘ಲ್ಕು’ಗಳಂಥ ವಿಜಾತೀಯದಿಂದಲೇ. ಅವು ಕ್ರಮ ಕಲಿಸುತ್ತವೆ. ಕ್ರಮ ಬಂದವರಿಗೆ ‘ಕ್ಕಿ’ಗೆ ಬೇರೆ ಪಾಠ ಬೇಕಾಗಿಲ್ಲ.