ಮೆಟ್ಟಿಲ ಮೇಲೆ ಹೇಳಿದ ಮಾತು

ನಮ್ ಬಾಸ್ ಕೂತು ಯಾವ ಆರ್ಡರ್ರೂ ಕೊಡಲ್ಲ. ಚಿಕ್ಕಮಗಳೂರಲ್ಲಿ ನಾನು ಕೆಲಸ ಮಾಡೋ ಕಾಫಿ ಗೋಡೌನ್ ಮೆಟ್ಟಿಲು ಇಳೀತಾ, ಇಲ್ಲಾ ಕಾರಿನ ಬಾಗ್ಲು ಅರ್ಧ ತೆಗೆದು ಒಂದು ಕಾಲು ಒಳಗಿಟ್ಟಾಗ್ಲೇ ದೊಡ್ಡ ದೊಡ್ಡ ಮಾತೆಲ್ಲ ಹೊರಗೆ ಬರೋದು.

ಫೆಬ್ರವರಿಲಿ ರೊಬಸ್ಟಾ ಚೆರ್ರಿ 80 ಮೂಟೆ ಬಂತು, ಮೀಟರ್ ಹಾಕಿದ್ರೆ ಮಾಯಿಶ್ಚರ್, ಅಂದ್ರೆ ಒಳಗಿನ ನೀರು, 12.5 ಪರ್ಸೆಂಟ್. ನಾವು 11ರ ಮೇಲೆ ತಗೊಳಲ್ಲ. ಕೇಳೋಣ ಅಂತ ಹೋದೆ, ಅವ್ರು ಮೆಟ್ಟಿಲ ಮೇಲೆ ನಿಂತು ವಡೆ ತಿಂತಿದ್ರು, ಶರ್ಟಿನ ಜೇಬಿನ ಮೇಲೆ ಒಂದು ಹನಿ ಚಟ್ನಿ, "ಇಳಿಸ್ಕೊಳಯ್ಯಾ, ಹಳೇ ಪಾರ್ಟಿ" ಅಂದ್ರು. ಇಳಿಸ್ಕೊಂಡೆ.

50 ಕೆಜಿ ಮೂಟೆ, ಒಟ್ಟು 4000 ಕೆಜಿ. ಅದು ಒಣಗಿ 11ಕ್ಕೆ ಬಂದಾಗ ಸುಮಾರು 67 ಕೆಜಿ ಮಾಯ, ಹೋಗಿದ್ದೆಲ್ಲ ಬರೀ ನೀರು, ದುಡ್ಡು ಕೊಟ್ಟಿದ್ದು ಮಾತ್ರ ಕಾಫಿ ರೇಟಲ್ಲಿ. ಲೆಕ್ಕದಲ್ಲಿ ಅದು ಕಾಣಿಸಿದ ದಿನ ಬಾಸ್ ಎಲ್ಲರ ಮುಂದೆ, "ನಾನು ಇಳಿಸು ಅಂದ್ನಾ? ಒಣಗಿಸ್ಕೊಂಡು ಬರಕ್ಕೆ ಹೇಳು ಅಂದಿದ್ದೆ. ಎಲ್ಲಿರತ್ತಯ್ಯಾ ನಿನ್ ಗ್ಯಾನ?" ಅಂದ್ರು. ಗಲಾಟೆ ಮಾಡಿದ್ರೆ ನಾನೂ ಮಾಡ್ತಿದ್ನೇನೋ, ಪಾಪ ಅನ್ನೋ ಥರ ಮೆಲ್ಲಗೆ ಹೇಳಿದ್ರು ನೋಡಿ, ಅಲ್ಲೇ ನಾನು ಅಲುಗಾಡಿದ್ದು.

ಅವತ್ತು ರಾತ್ರಿ ಮೆಟ್ಟಿಲು, ವಡೆ ಎಲ್ಲ ಮತ್ತೆ ನೆನೆಸ್ಕೊಂಡೆ. ಮೂರ್ನೇ ಸಲಕ್ಕೆ ಅದೇ ಬಾಯಿ "ಒಣಗಿಸ್ಕೊಂಡು ಬರಕ್ಕೆ ಹೇಳು" ಅಂತ ಅಂದಂಗೆ ಕೇಳಿಸ್ತು, ಚಟ್ನಿ ಹನಿ ಮಾತ್ರ ಅಲ್ಲೇ ಇತ್ತು! ನೆನಪು ಅಂದ್ರೆ ಬೀರುವಲ್ಲಿಟ್ಟ ಫೋಟೋ ಅಲ್ವಂತೆ, ತೆಗೆದಾಗೆಲ್ಲ ಮನಸ್ಸು ಹೊಸದಾಗಿ ಕಟ್ಟುತ್ತಂತೆ, ಆಮೇಲೆ ಕೇಳಿದ ಮಾತೂ ಅದರೊಳಗೆ ಸೇರ್ಕೊಳ್ಳುತ್ತೆ. ನಾಲ್ಕು ಜನರ ಮುಂದೆ ಕೇಳಿದ್ದಂತೂ ಇನ್ನೂ ಬೇಗ.

ಬಾಸ್‌ಗೆ ಮರೆವಿರಬಹುದು, ವಯಸ್ಸಾಯ್ತು, ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ನಿಜವಾದ ಮರೆವಿಗೆ ಲಾಭ ನಷ್ಟ ಗೊತ್ತಿರಲ್ಲ, ನಮ್ಮಜ್ಜಿ ಸಾಲ ಕೊಟ್ಟಿದ್ನೂ ಮರೀತಿದ್ರು, ಇಸ್ಕೊಂಡಿದ್ನೂ ಮರೀತಿದ್ರು. ನಮ್ ಬಾಸ್ ಮರೆವು ಯಾವಾಗ್ಲೂ ಒಂದೇ ಕಡೆ ವಾಲುತ್ತೆ. ಲಾಭ ಬಂದ ಲಾಟ್ ತಗೋ ಅಂದಿದ್ದು ಮಾತ್ರ ವಾರ, ಟೈಮು ಸಮೇತ ನೆನಪಿರುತ್ತೆ.

ಈಗ ತೂಕದ ಚೀಟಿ ಹಿಂದೆ ಅಲ್ಲೇ, ಆ ನಿಮಿಷಕ್ಕೇ ಬರ್ಕೊಳ್ತೀನಿ, ಸಂಜೆ ಬರೆದ್ರೆ ಆಗ್ಲೇ ಅರ್ಧ ನಂದೇ ಕಥೆ ಆಗಿರುತ್ತೆ. ಅವ್ರ ಮಾತು ಹೆಂಗಿತ್ತೋ ಹಂಗೇ, ಟೈಮು, ಪಕ್ಕದಲ್ಲಿ ಯಾರಿದ್ರು, ಅಷ್ಟೇ. ಬಾಸ್ ಬದಲಾಗಲ್ಲ ಇದರಿಂದ, ನನ್ ತಲೆ ಒಂದು ಕಡೆ ನಿಲ್ಲುತ್ತೆ. ಆಮೇಲೆ ಒಂದು ವಾಟ್ಸಾಪು. ಮೊನ್ನೆ "ಸಾರ್, 12 ಬಂದಿದೆ, ನೀವು ಹೇಳಿದಂಗೆ ಇಳಿಸ್ಕೊಳ್ತಾ ಇದೀನಿ" ಅಂತ ಹಾಕಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ. ಐದು ನಿಮಿಷಕ್ಕೆ ಫೋನು: "ಇದನ್ನೆಲ್ಲ ಯಾಕಯ್ಯಾ ಮೆಸೇಜ್ ಮಾಡ್ತೀಯ, ಬಾಯಲ್ಲಿ ಹೇಳಿದ್ರೆ ಸಾಲ್ದಾ?"

ಅದನ್ನೂ ಬರ್ಕೊಂಡೆ. 4.20, ಪಕ್ಕದಲ್ಲಿ ಹಮಾಲಿ ಒಬ್ಬ ಇದ್ದ.